ಸ್ಟೀಮ್ ಡೆಕ್‌ಗೆ ಪವರ್ ಬ್ಯಾಂಕ್: ಎಷ್ಟು ವ್ಯಾಟ್ ಬೇಕು, ಚಾರ್ಜ್ ಯಾಕೆ ನಿಧಾನ? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಲೆಕ್ಕವೆಲ್ಲ ವಾಲ್ವ್ ಕಂಪನಿಯ ಸ್ಟೀಮ್ ಡೆಕ್ ಇಟ್ಟುಕೊಂಡು ಮಾಡಿದ್ದು. 2022ರ ಎಲ್‌ಸಿಡಿ ಮಾದರಿಯಲ್ಲಿ 40 ವ್ಯಾಟ್-ಅವರ್ ಬ್ಯಾಟರಿ ಇದೆ, 2023ರ ಕೊನೆಗೆ ಬಂದ ಓಎಲ್‌ಇಡಿ ಮಾದರಿಯಲ್ಲಿ 50. ಎರಡರ ಜೊತೆಗೂ ಬರುವುದು 45 ವ್ಯಾಟ್ ಚಾರ್ಜರ್. ಬೇರೆ ಕನ್ಸೋಲ್ ಇರುವವರಿಗೆ ಕೊನೆಯ ಕಡೆ ಒಂದು ಪ್ರಶ್ನೆ ಇದೆ.

ಡೆಕ್‌ಗೆ ನಿಜವಾಗಿ ಎಷ್ಟು ವ್ಯಾಟ್ ಬೇಕು?

ಪೂರ್ತಿ ವೇಗದಲ್ಲಿ ಚಾರ್ಜ್ ಆಗಬೇಕಾದರೆ 45 ವ್ಯಾಟ್. ಅದನ್ನು ಡೆಕ್ 15 ವೋಲ್ಟ್, 3 ಆಂಪಿಯರ್ ಲೆಕ್ಕದಲ್ಲಿ ತೆಗೆದುಕೊಳ್ಳುತ್ತದೆ. 65 ಅಥವಾ 100 ವ್ಯಾಟ್ ಚಾರ್ಜರ್ ಚುಚ್ಚಿದರೂ ಎಳೆಯುವುದು 45ರ ಒಳಗೇ. ಹಾಗಾಗಿ ದೊಡ್ಡ ಚಾರ್ಜರ್‌ನಿಂದ ಹಾನಿಯೂ ಇಲ್ಲ, ಹೆಚ್ಚಿನ ವೇಗವೂ ಇಲ್ಲ. ಟೈಪ್-ಸಿ ಲ್ಯಾಪ್‌ಟಾಪ್ ಚಾರ್ಜರ್ ಮನೆಯಲ್ಲಿದ್ದರೆ ಧೈರ್ಯವಾಗಿ ಹಾಕಿ.

ಆಟ ಆಡುತ್ತಿರುವಾಗ ಡೆಕ್ ಎಷ್ಟು ತಿನ್ನುತ್ತದೆ ಅನ್ನುವುದು ಬೇರೆ ಪ್ರಶ್ನೆ. ಭಾರವಾದ ಆಟದಲ್ಲಿ ಪ್ರೊಸೆಸರ್ ಒಂದೇ 15 ವ್ಯಾಟ್‌ವರೆಗೆ ಹೋಗುತ್ತದೆ. ಪರದೆ, ಫ್ಯಾನ್, ವೈಫೈ, ಎಸ್‌ಎಸ್‌ಡಿ ಎಲ್ಲ ಸೇರಿ ಒಟ್ಟು 22ರಿಂದ 25 ವ್ಯಾಟ್ ಆಗುತ್ತದೆ. ಹಳೆಯ ಅಥವಾ ಎರಡು ಆಯಾಮದ ಆಟಗಳಿಗೆ 8–10 ವ್ಯಾಟ್ ಸಾಕು. ಪವರ್ ಬ್ಯಾಂಕ್ ಆರಿಸುವಾಗ ಈ ಎರಡನೆಯ ಅಂಕಿಯೇ ಹೆಚ್ಚು ಮುಖ್ಯ. ಬ್ಯಾಂಕಿನಿಂದ ಬರುವುದು ಆಟ ತಿನ್ನುವುದಕ್ಕಿಂತ ಹೆಚ್ಚಿದ್ದರೆ ಬ್ಯಾಟರಿ ಏರುತ್ತದೆ, ಕಡಿಮೆ ಇದ್ದರೆ ಇಳಿಯುತ್ತದೆ. ಚಾರ್ಜ್ ಚಿಹ್ನೆ ಎರಡೂ ಸಂದರ್ಭದಲ್ಲಿ ಕಾಣಬಹುದು, ಅದನ್ನು ನಂಬಬೇಡಿ.

ನನ್ನ ಪವರ್ ಬ್ಯಾಂಕ್ ಮೇಲೆ 22.5 ವ್ಯಾಟ್ ಅಂತ ದೊಡ್ಡದಾಗಿ ಬರೆದಿದೆ. ಆದರೂ ‘ಸ್ಲೋ ಚಾರ್ಜರ್’ ಎಚ್ಚರಿಕೆ ಬರುತ್ತದೆ. ಯಾಕೆ?

ಎಲ್ಲಕ್ಕಿಂತ ಹೆಚ್ಚು ಬರುವ ದೂರು ಇದೇ. ನಮ್ಮ ಮಾರುಕಟ್ಟೆಯಲ್ಲಿ ಹತ್ತು ಸಾವಿರ ಎಂಎಎಚ್‌ನ ಬಹುತೇಕ ಬ್ಯಾಂಕುಗಳ ಮೇಲೆ 22.5 ಎಂಬ ಅಂಕಿ ಇರುತ್ತದೆ. ಅದು ಕೆಲವು ಫೋನುಗಳಿಗಾಗಿ ಹಳೆಯ ಚಪ್ಪಟೆ ಯುಎಸ್‌ಬಿ ಪೋರ್ಟಿನಿಂದ ಕಡಿಮೆ ವೋಲ್ಟ್, ಜಾಸ್ತಿ ಆಂಪಿಯರ್ ಕಳಿಸುವ ವಿಧಾನದ ಅಂಕಿ. ಡೆಕ್‌ಗೆ ಆ ಭಾಷೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಪಿಡಿ, ಅಂದರೆ ಯುಎಸ್‌ಬಿ ಪವರ್ ಡೆಲಿವರಿ, ಮತ್ತು ಅದು ನಡೆಯುವುದು ಟೈಪ್-ಸಿ ಪೋರ್ಟಿನಲ್ಲಿ ಮಾತ್ರ.

ಬ್ಯಾಂಕಿನ ಬೆನ್ನು ತಿರುಗಿಸಿ, ಸಣ್ಣಕ್ಷರದ ಸಾಲುಗಳನ್ನು ಓದಿ. ಸಾಮಾನ್ಯವಾಗಿ ಹೀಗಿರುತ್ತದೆ:

```
USB-A Output:  5V 4.5A / 9V 2A / 12V 1.5A
Type-C Output: 5V 3A / 9V 2.22A / 12V 1.5A
```

ನಿಮಗೆ ಬೇಕಾದದ್ದು ಎರಡನೆಯ ಸಾಲು. ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ: 9 × 2.22 ಅಂದರೆ ಸುಮಾರು 20. 15 ವೋಲ್ಟ್ ಎಂಬ ಮಾತೇ ಅಲ್ಲಿಲ್ಲ, ಹಾಗಾಗಿ ಡೆಕ್ 18–20 ವ್ಯಾಟಿಗೆ ತೃಪ್ತಿಪಟ್ಟು, ಇದು ನಿಧಾನದ ಚಾರ್ಜರ್ ಎಂದು ಹೇಳುತ್ತದೆ. ಏನೋ ಕೆಟ್ಟಿದೆ ಅಂತ ಅರ್ಥವಲ್ಲ. ನಿಮಗೆ ಪೂರ್ತಿ ವೇಗ ಬೇಕಿದ್ದರೆ ಟೈಪ್-ಸಿ ಸಾಲಿನಲ್ಲಿ `15V 3A` ಅಂತ ಇರುವ ಬ್ಯಾಂಕನ್ನೇ ಹುಡುಕಬೇಕು. ಡಬ್ಬದ ಮುಂಭಾಗದ ಅಂಕಿ ನೋಡಿ ಕೊಳ್ಳುವ ಬದಲು ಈ ಒಂದು ಸಾಲು ನೋಡಿ ಕೊಂಡರೆ ಅರ್ಧ ತೊಂದರೆ ಬರುವುದೇ ಇಲ್ಲ.

ಫೋನಿನ 67 ಅಥವಾ 80 ವ್ಯಾಟ್ ಚಾರ್ಜರ್ ಇದೆ. ಅದು 45ಕ್ಕಿಂತ ಜಾಸ್ತಿ ಅಲ್ಲವೇ?

ಆ 80 ವ್ಯಾಟ್ ಆ ಫೋನಿಗೆ, ಆ ಕಂಪನಿಯದೇ ಕೇಬಲ್ಲಿಗೆ. ಬೇರೆ ಸಾಧನ ಹಾಕಿದರೆ ಅಂಥ ಚಾರ್ಜರುಗಳಲ್ಲಿ ಹಲವು 5 ವೋಲ್ಟ್, 2 ಆಂಪಿಯರ್‌ಗೆ ಇಳಿದುಬಿಡುತ್ತವೆ. ಚಾರ್ಜರಿನಲ್ಲಿರುವುದು ಚಪ್ಪಟೆ ಪೋರ್ಟ್ ಆಗಿದ್ದರೆ ಆಸೆ ಬಿಡಿ. ಟೈಪ್-ಸಿ ಪೋರ್ಟ್ ಇದ್ದರೆ ಅದರ ಮೇಲೂ `15V 3A` ಇದೆಯೇ ನೋಡಿ.

ಹಾಗಾದರೆ ನನ್ನ 18 ವ್ಯಾಟಿನ ಬ್ಯಾಂಕ್ ಕೆಲಸಕ್ಕೆ ಬಾರದ್ದೇ?

ಬರುತ್ತದೆ, ಆದರೆ ಯಾವಾಗ ಚುಚ್ಚುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಒಂದು ಲೆಕ್ಕ ಹಾಕೋಣ.

ಎಲ್‌ಸಿಡಿ ಡೆಕ್, ಪೂರ್ತಿ ಚಾರ್ಜ್, ಅಂದರೆ 40 ವ್ಯಾಟ್-ಅವರ್. ಆಟ 25 ವ್ಯಾಟ್ ತಿನ್ನುತ್ತಿದೆ. ಬ್ಯಾಂಕ್ ಇಲ್ಲದೆ ಆಡಿದರೆ 40 ÷ 25, ಒಂದೂವರೆ ಗಂಟೆಗೆ ಸ್ವಲ್ಪ ಹೆಚ್ಚು. ಈಗ ಹತ್ತು ಸಾವಿರ ಎಂಎಎಚ್ ಬ್ಯಾಂಕ್ ಸೇರಿಸಿ. ಒಳಗಿನ ಸೆಲ್ 3.7 ವೋಲ್ಟಿನದು, ಹಾಗಾಗಿ 10 × 3.7 = 37 ವ್ಯಾಟ್-ಅವರ್. ವೋಲ್ಟ್ ಏರಿಸುವಾಗ ಶಾಖವಾಗಿ ಹೋಗುವುದನ್ನು ಕಳೆದರೆ ಕೈಗೆ ಸಿಗುವುದು ಸುಮಾರು 31.

ಆಟ ಶುರು ಮಾಡುವಾಗಲೇ ಬ್ಯಾಂಕ್ ಚುಚ್ಚಿದಿರಿ ಅಂದುಕೊಳ್ಳಿ. ಬ್ಯಾಂಕ್ 18 ವ್ಯಾಟ್ ಕೊಡುತ್ತದೆ, ಉಳಿದ 7 ವ್ಯಾಟನ್ನು ಡೆಕ್ ತನ್ನ ಬ್ಯಾಟರಿಯಿಂದ ತುಂಬಿಕೊಳ್ಳುತ್ತದೆ. ಸುಮಾರು ಒಂದೂ ಮುಕ್ಕಾಲು ಗಂಟೆಗೆ ಬ್ಯಾಂಕ್ ಬರಿದಾಗುತ್ತದೆ. ಅಷ್ಟು ಹೊತ್ತಿಗೆ ಡೆಕ್ ಬ್ಯಾಟರಿಯಿಂದ ಹೋಗಿರುವುದು ಹನ್ನೆರಡು ವ್ಯಾಟ್-ಅವರ್ ಮಾತ್ರ. ಉಳಿದದ್ದರಲ್ಲಿ ಇನ್ನೂ ಒಂದು ಗಂಟೆ ಆಡಬಹುದು. ಒಟ್ಟು ಎರಡೂ ಮುಕ್ಕಾಲು ಗಂಟೆ.

ಈಗ ಅದೇ ಬ್ಯಾಂಕನ್ನು ಬ್ಯಾಟರಿ ಶೇ. 5ಕ್ಕೆ ಬಂದ ಮೇಲೆ ಚುಚ್ಚಿ. ಡೆಕ್‌ನಲ್ಲಿ ಉಳಿದಿರುವುದು 2 ವ್ಯಾಟ್-ಅವರ್, ಗಂಟೆಗೆ 7ರಂತೆ ಸೋರುತ್ತಿದೆ. ಹದಿನೇಳು ನಿಮಿಷಕ್ಕೆ ಡೆಕ್ ಆಫ್. ಬ್ಯಾಂಕಿನಲ್ಲಿ ಇನ್ನೂ ಮುಕ್ಕಾಲು ಪಾಲಿಗಿಂತ ಹೆಚ್ಚು ಚಾರ್ಜ್ ಹಾಗೇ ಕುಳಿತಿರುತ್ತದೆ. ಜನ ಬ್ಯಾಂಕನ್ನು ಬೈಯುವುದು ಈ ಹೊತ್ತಿಗೇ.

ಫೋನಿನ ಅಭ್ಯಾಸ ನಮಗೆ ‘ಮುಗಿದ ಮೇಲೆ ಚಾರ್ಜ್‌ಗೆ ಹಾಕು’ ಎಂದು ಕಲಿಸಿದೆ. ಕಡಿಮೆ ವ್ಯಾಟಿನ ಬ್ಯಾಂಕಿನಲ್ಲಿ ಅದು ತಲೆಕೆಳಗು. ಮೊದಲೇ ಚುಚ್ಚಿದರೆ ಇನ್ನೊಂದು ಲಾಭವೂ ಇದೆ: ಬ್ಯಾಂಕಿನಿಂದ ಬಂದ ವಿದ್ಯುತ್ ಡೆಕ್‌ನ ಬ್ಯಾಟರಿಗೆ ಹೋಗಿ ಮತ್ತೆ ಹೊರಬರುವ ಬದಲು ನೇರ ಆಟಕ್ಕೆ ಹೋಗುತ್ತದೆ, ಮಧ್ಯದ ನಷ್ಟ ತಪ್ಪುತ್ತದೆ.

ಇಪ್ಪತ್ತು ಸಾವಿರ ಎಂಎಎಚ್ ಬ್ಯಾಂಕಿನಿಂದ ಡೆಕ್ ಎಷ್ಟು ಸಲ ತುಂಬುತ್ತದೆ?

ಡೆಕ್ ಬ್ಯಾಟರಿ ಸುಮಾರು 5,200 ಎಂಎಎಚ್ ಅಂತ ಓದಿ, ನಾಲ್ಕು ಸಲ ಅಂದುಕೊಳ್ಳುವವರು ಬಹಳ ಮಂದಿ. ಅಲ್ಲ. ಡೆಕ್‌ನ ಬ್ಯಾಟರಿ 7.7 ವೋಲ್ಟಿನದು, ಬ್ಯಾಂಕಿನ ಸೆಲ್ 3.7 ವೋಲ್ಟಿನದು. ಸೇರನ್ನೂ ಪಾವನ್ನೂ ಎಣಿಸಿ ಎರಡೂ ಒಂದೇ ಅಂದ ಹಾಗಾಗುತ್ತದೆ. ಎರಡನ್ನೂ ವ್ಯಾಟ್-ಅವರ್‌ಗೆ ತಂದರೆ ಮಾತ್ರ ಹೋಲಿಕೆ.

20 × 3.7 = 74 ವ್ಯಾಟ್-ಅವರ್. ಬ್ಯಾಂಕಿನೊಳಗಿನ ನಷ್ಟ ಕಳೆದು ಹೊರಬರುವುದು 60–63. ಡೆಕ್ ಒಳಗೆ ಚಾರ್ಜ್ ಆಗುವಾಗ ಇನ್ನಷ್ಟು ಹೋಗುತ್ತದೆ. ಕೊನೆಗೆ ಎಲ್‌ಸಿಡಿ ಮಾದರಿ ಒಂದು ಸಲ ಪೂರ್ತಿ, ಇನ್ನೊಂದು ಸಲ ಮೂರನೇ ಒಂದು ಭಾಗದಷ್ಟು ತುಂಬುತ್ತದೆ. ಓಎಲ್‌ಇಡಿ ಒಂದು ಸಲ ತುಂಬಿ ಸ್ವಲ್ಪ ಮಿಕ್ಕುತ್ತದೆ. ಬ್ಯಾಂಕಿನ ಮೇಲೆ `Rated Capacity` ಎಂಬ ಚಿಕ್ಕ ಸಾಲು ಇರುತ್ತದಲ್ಲ, ಹೊರಬರುವ ಲೆಕ್ಕ ಅದರಲ್ಲಿದೆ. ಉದಾಹರಣೆಗೆ `12000mAh (5V 3A)` ಅಂತಿದ್ದರೆ 12 × 5 = 60 ವ್ಯಾಟ್-ಅವರ್.

ಬ್ಯಾಂಕೂ ಸರಿಯಿದೆ, 45 ವ್ಯಾಟ್ ಅಂತಲೂ ಇದೆ. ಆದರೂ ನಿಧಾನ. ಎಲ್ಲಿಂದ ಹುಡುಕಲಿ?

ಊಹೆ ಮಾಡುವ ಬದಲು ಡೆಕ್‌ನನ್ನೇ ಕೇಳಿ. ಸ್ಟೀಮ್ ಬಟನ್ ಒತ್ತಿ, ಪವರ್ ಮೆನುವಿನಿಂದ ಡೆಸ್ಕ್‌ಟಾಪ್ ಮೋಡ್‌ಗೆ ಹೋಗಿ, `Konsole` ತೆರೆದು ಇದನ್ನು ಟೈಪ್ ಮಾಡಿ:

```
sensors
```

ಬರುವ ಪಟ್ಟಿಯಲ್ಲಿ `steamdeck_hwmon` ಎಂಬ ಭಾಗದಲ್ಲಿ ಈ ಎರಡು ಸಾಲು ಹುಡುಕಿ:

```
PD Contract Voltage:  15.00 V
PD Contract Current:   3.00 A
```

ಇದು ಬ್ಯಾಂಕೂ ಡೆಕ್ಕೂ ಮಾತಾಡಿಕೊಂಡು ಮಾಡಿಕೊಂಡ ಒಪ್ಪಂದ. ಇಷ್ಟು ಕೊಡಬಲ್ಲೆ ಅಂತ ಬ್ಯಾಂಕ್ ಒಪ್ಪಿದೆ ಅಂತ ಅರ್ಥ. 15 ವೋಲ್ಟ್, 3 ಆಂಪಿಯರ್ ಕಂಡರೆ ಬ್ಯಾಂಕು, ಕೇಬಲ್ಲು ಎರಡೂ ಸರಿ, ತೊಂದರೆ ಡೆಕ್ ಕಡೆ. 9 ವೋಲ್ಟ್ ಕಂಡರೆ ಬ್ಯಾಂಕಿನ ಆ ಪೋರ್ಟ್ ಅಷ್ಟೇ ಕೊಡುತ್ತಿದೆ. 5 ವೋಲ್ಟ್ ಕಂಡರೆ ಪಿಡಿ ಮಾತುಕತೆಯೇ ನಡೆದಿಲ್ಲ, ಮೊದಲು ಕೇಬಲ್ ಬದಲಿಸಿ.

ಒಪ್ಪಂದವಾದ ಮೇಲೆ ಬ್ಯಾಟರಿಗೆ ನಿಜವಾಗಿ ಹೋಗುತ್ತಿರುವುದು ಎಷ್ಟು ಅಂತ ನೋಡಲು:

```
upower -i $(upower -e | grep BAT)
```

ಇದರಲ್ಲಿ `state` ಅನ್ನುವುದು `charging` ಆಗಿರಬೇಕು, `energy-rate` ಅನ್ನುವುದು ವ್ಯಾಟ್. ಕೇಬಲ್ ಚುಚ್ಚಿದ್ದರೂ `discharging` ಅಂತಿದ್ದರೆ ಬರುವುದಕ್ಕಿಂತ ಖರ್ಚು ಹೆಚ್ಚು. ಆಟ ಮುಚ್ಚಿ ಇನ್ನೊಮ್ಮೆ ನೋಡಿ.

ಒಂದು ಮಾದರಿ ನೋಡೋಣ. 65 ವ್ಯಾಟ್ ಬ್ಯಾಂಕ್, ಎರಡು ಟೈಪ್-ಸಿ ಪೋರ್ಟ್. ಬೆಳಿಗ್ಗೆ ಸರಿಯಾಗಿ ಚಾರ್ಜ್ ಆಗುತ್ತಿತ್ತು, ಸಂಜೆ ಸ್ಲೋ ಚಾರ್ಜರ್ ಎಚ್ಚರಿಕೆ. `sensors` ನೋಡಿದರೆ 9 ವೋಲ್ಟ್. ಕಾರಣ, ಪಕ್ಕದ ಪೋರ್ಟಿಗೆ ಯಾರೋ ಇಯರ್‌ಬಡ್ಸ್ ಚುಚ್ಚಿದ್ದಾರೆ. 65 ಅನ್ನುವುದು ಒಂದೇ ಪೋರ್ಟ್ ಬಳಸಿದಾಗಿನ ಮಾತು. ಎರಡನೆಯದಕ್ಕೆ ಏನೇ ಚುಚ್ಚಿದರೂ, ಅದು ಎರಡು ವ್ಯಾಟ್ ಎಳೆಯುವ ಇಯರ್‌ಬಡ್ಸ್ ಆದರೂ, ಬ್ಯಾಂಕ್ ಪಾಲು ಹಂಚುತ್ತದೆ: ಕೆಲವು 45+18, ಕೆಲವು ಎರಡಕ್ಕೂ 20–20, ಇನ್ನು ಕೆಲವು ಎರಡನ್ನೂ 5 ವೋಲ್ಟಿಗೆ ಇಳಿಸುತ್ತವೆ. ಇಯರ್‌ಬಡ್ಸ್ ತೆಗೆದ ಕೂಡಲೇ ಚಾರ್ಜ್ ಒಂದೆರಡು ಸೆಕೆಂಡು ನಿಂತು, ಮತ್ತೆ 15 ವೋಲ್ಟ್ ಬಂದರೆ ಕಾರಣ ಅದೇ ಅಂತ ಖಾತ್ರಿ.

ಎಂಥ ಕೇಬಲ್ ಬೇಕು?

ಎರಡೂ ತುದಿ ಟೈಪ್-ಸಿ ಇರುವ, 60 ವ್ಯಾಟ್ ಅಥವಾ 3 ಆಂಪಿಯರ್ ಅಂತ ಬರೆದಿರುವ ಯಾವುದೇ ಒಳ್ಳೆಯ ಕೇಬಲ್ ಸಾಕು. 100 ಅಥವಾ 240 ವ್ಯಾಟ್ ಕೇಬಲ್ಲಿಗೆ ದುಡ್ಡು ಸುರಿಯಬೇಕಿಲ್ಲ. ಒಂದು ತುದಿ ಚಪ್ಪಟೆ, ಇನ್ನೊಂದು ಸಿ ಇರುವ ಕೇಬಲ್ಲಿನಲ್ಲಿ ಪಿಡಿ ಮಾತುಕತೆಗೆ ಬೇಕಾದ ದಾರಿಯೇ ಇಲ್ಲ, ಅದು ಎಷ್ಟೇ ದಪ್ಪವಾಗಿದ್ದರೂ ಸರಿ.

ಹಳೆಯ ಕೇಬಲ್ಲಿನಲ್ಲಿ ಕೆಡುವುದು ಸಾಮಾನ್ಯವಾಗಿ ತುದಿ. ಡೆಕ್‌ನ ಪೋರ್ಟ್ ಮೇಲ್ಭಾಗದಲ್ಲಿದೆ. ಮಲಗಿಕೊಂಡು ಆಡುವಾಗ ಕೇಬಲ್ ತಲೆದಿಂಬಿಗೋ ಗೋಡೆಗೋ ಒತ್ತಿ ಬಾಗುತ್ತದೆ, ಒಳಗಿನ ಸಣ್ಣ ತಂತಿ ಸಡಿಲವಾಗುತ್ತದೆ. ಸ್ವಲ್ಪ ಅಲುಗಿಸಿದರೆ ಚಾರ್ಜ್ ಬಂದು ಹೋಗುತ್ತದೆ ಅಂದರೆ ಇದೇ. ಎಲ್ ಆಕಾರದ ತುದಿಯ ಕೇಬಲ್ ಹಾಕಿದರೆ ಆ ಒತ್ತಡ ತಪ್ಪುತ್ತದೆ. ಕೇಬಲ್ ಬದಲಿಸಿದರೂ ಸಡಿಲ ಅನಿಸಿದರೆ ಪೋರ್ಟಿನೊಳಗೆ ಟಾರ್ಚ್ ಬಿಟ್ಟು ನೋಡಿ, ಬಟ್ಟೆಯ ಜುಂಗು ಕೂತಿರುತ್ತದೆ. ಡೆಕ್ ಪೂರ್ತಿ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ಗುಂಡುಸೂಜಿ ಬೇಡ.

ಡೆಕ್ ಚಾರ್ಜ್ ಆಗುವ ಬದಲು ಪವರ್ ಬ್ಯಾಂಕೇ ಚಾರ್ಜ್ ಆಗುತ್ತಿದೆ! ಇದೇನು?

ತಮಾಷೆಯಂತೆ ಕಂಡರೂ ನಿಜ. ಡೆಕ್‌ನ ಟೈಪ್-ಸಿ ಪೋರ್ಟ್ ವಿದ್ಯುತ್ ಪಡೆಯಬಲ್ಲದು, ಪೆನ್‌ಡ್ರೈವ್‌ನಂಥವಕ್ಕೆ ಕೊಡಬಲ್ಲದು. ಬ್ಯಾಂಕಿನ ಸಿ ಪೋರ್ಟ್ ಕೂಡ ಹಾಗೇ, ಒಳಗೂ ಹೊರಗೂ. ನಿದ್ದೆಯಲ್ಲಿರುವ ಬ್ಯಾಂಕಿಗೆ ಕೇಬಲ್ ಚುಚ್ಚಿದಾಗ ಯಾರು ಕೊಡುವವರು, ಯಾರು ತೆಗೆದುಕೊಳ್ಳುವವರು ಅನ್ನುವ ತೀರ್ಮಾನ ಕೆಲವೊಮ್ಮೆ ಉಲ್ಟಾ ಆಗುತ್ತದೆ. ಮೊದಲು ಕೇಬಲ್ಲನ್ನು ಬ್ಯಾಂಕಿಗೆ ಚುಚ್ಚಿ, ಬ್ಯಾಂಕಿನ ಬಟನ್ ಒತ್ತಿ ದೀಪ ಹತ್ತಿದ ಮೇಲೆ ಡೆಕ್‌ಗೆ ಚುಚ್ಚಿ. ಆಮೇಲೂ ಉಲ್ಟಾ ಆದರೆ, ಬ್ಯಾಂಕಿನಲ್ಲಿ `OUT` ಅಂತ ಮಾತ್ರ ಬರೆದಿರುವ ಇನ್ನೊಂದು ಸಿ ಪೋರ್ಟ್ ಇದ್ದರೆ ಅದನ್ನು ಬಳಸಿ.

ಡಾಕ್ ಅಥವಾ ಹಬ್ ಮೂಲಕ ಹಾಕಿದಾಗ ಮಾತ್ರ ನಿಧಾನವಾಗುತ್ತದೆ.

ಹಬ್ ತನಗೂ ತನ್ನ ಪೋರ್ಟುಗಳಿಗೂ ಒಂದು ಪಾಲನ್ನು ಮೊದಲೇ ಎತ್ತಿಟ್ಟುಕೊಂಡು ಉಳಿದದ್ದನ್ನು ಡೆಕ್‌ಗೆ ಹೇಳುತ್ತದೆ. 45 ವ್ಯಾಟ್ ಹಾಕಿದರೆ ಡೆಕ್‌ಗೆ 30–35 ಸಿಗುವುದುಂಟು. ಟಿವಿಗೆ ಜೋಡಿಸಿ ಆಡುವವರು ಹಬ್‌ಗೆ 65 ವ್ಯಾಟ್ ಚಾರ್ಜರ್ ಇಟ್ಟುಕೊಳ್ಳುವುದು ಸರಿ. ದೊಡ್ಡ ಚಾರ್ಜರ್ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲಿ.

ಶೇ. 80ರ ತನಕ ಬೇಗ, ಆಮೇಲೆ ಆಮೆ. ಬ್ಯಾಟರಿ ಹೋಯಿತೇ?

ಇಲ್ಲ. ಲಿಥಿಯಂ ಬ್ಯಾಟರಿ ತುಂಬುತ್ತ ಬಂದಂತೆ ಆಂಪಿಯರ್ ಇಳಿಸಲೇಬೇಕು, ಕೊನೆಯ ಶೇ. 20 ಯಾವ ಚಾರ್ಜರ್ ಹಾಕಿದರೂ ಎಳೆಯುತ್ತದೆ. ಶೇ. 80ಕ್ಕೇ ಪೂರ್ತಿ ನಿಂತುಬಿಟ್ಟರೆ ಸೆಟ್ಟಿಂಗ್ಸ್‌ನ ಪವರ್ ವಿಭಾಗದಲ್ಲಿ ಚಾರ್ಜ್ ಮಿತಿ ಹಾಕಿದ್ದೀರಾ ನೋಡಿ. ಚಾರ್ಜರ್‌ನಲ್ಲೇ ಬಹಳ ಹೊತ್ತು ಇಟ್ಟ ಡೆಕ್ ಶೇ. 90ರ ಆಸುಪಾಸಿಗೆ ಇಳಿದು ಅಲ್ಲೇ ನಿಲ್ಲುವುದೂ ಬ್ಯಾಟರಿ ಉಳಿಸಲೆಂದೇ.

ಬೇಸಿಗೆಯಲ್ಲಿ ಮಾತ್ರ ಚಾರ್ಜ್ ನಿಧಾನ ಅನಿಸುತ್ತದೆ.

ಅನಿಸಿಕೆಯಲ್ಲ, ನಿಜ. ಡೆಕ್‌ಗೆ ಸುತ್ತಲಿನ ಶಾಖ 35 ಡಿಗ್ರಿ ಒಳಗಿರಬೇಕು ಅನ್ನುತ್ತದೆ ವಾಲ್ವ್. ಏಪ್ರಿಲ್-ಮೇನಲ್ಲಿ ಕಲಬುರಗಿ, ರಾಯಚೂರಿನ ಮಧ್ಯಾಹ್ನ ಆ ಮಿತಿಯನ್ನು ದಾಟಿ ಬಹಳ ಮೇಲಿರುತ್ತದೆ. ಬ್ಯಾಟರಿ ಬಿಸಿಯಾದರೆ ಡೆಕ್ ಚಾರ್ಜ್ ತಗ್ಗಿಸುತ್ತದೆ. ಬ್ಯಾಂಕ್ ಕೂಡ ಒಳಗಿನ ಶಾಖ ನೋಡಿ 45ರಿಂದ 18ಕ್ಕೆ ಇಳಿಯಬಹುದು. ಬ್ಯಾಂಕನ್ನು ಬ್ಯಾಗಿನೊಳಗೆ, ಹಾಸಿಗೆಯ ಮೇಲೆ ಇಡಬೇಡಿ. ಕಲ್ಲಿನ ನೆಲದ ಮೇಲಿಟ್ಟರೆ ಸಾಕು, ವ್ಯತ್ಯಾಸ ಕಾಣುತ್ತದೆ.

ಬ್ಯಾಂಕಿನ ವ್ಯಾಟ್ ಹೆಚ್ಚಿಸಲು ಆಗದಿದ್ದರೆ ಆಟದ ಖರ್ಚು ಇಳಿಸಿ. ಮೂರು ಚುಕ್ಕಿಯ ಬಟನ್ ಒತ್ತಿ, ಪರ್ಫಾರ್ಮೆನ್ಸ್ ಭಾಗದಲ್ಲಿ `TDP Limit` 8 ವ್ಯಾಟಿಗೆ ಇಟ್ಟು, ಫ್ರೇಮ್ ಮಿತಿ 40ಕ್ಕೆ ಇಳಿಸಿದರೆ ಒಟ್ಟು ಖರ್ಚು 25ರಿಂದ 15ರ ಸುತ್ತ ಬರುತ್ತದೆ. ಆಗ 18 ವ್ಯಾಟಿನ ಬ್ಯಾಂಕಿನಲ್ಲೂ ಬ್ಯಾಟರಿ ಇಳಿಯುವುದು ನಿಲ್ಲುತ್ತದೆ.

ಬಸ್ಸಿನ, ಕಾರಿನ ಯುಎಸ್‌ಬಿ ಪೋರ್ಟಿನಿಂದ ಆಗುತ್ತದೆಯೇ?

ಚಪ್ಪಟೆ ಪೋರ್ಟ್ ಆದರೆ 5 ವೋಲ್ಟ್, ಹತ್ತು ವ್ಯಾಟಿನೊಳಗೆ. ಡೆಕ್‌ನ್ನು ಸ್ಲೀಪ್‌ನಲ್ಲಿಟ್ಟು ಬೆಂಗಳೂರಿನಿಂದ ಮಂಗಳೂರಿನ ರಾತ್ರಿ ಬಸ್ಸಿನಲ್ಲಿ ಬಿಟ್ಟರೆ ಬೆಳಿಗ್ಗೆಗೆ ಬಹುಮಟ್ಟಿಗೆ ತುಂಬಿರುತ್ತದೆ, ಮಧ್ಯೆ ಚಾಲಕರು ಆಫ್ ಮಾಡದಿದ್ದರೆ. ಆಡಿಕೊಂಡು ಚಾರ್ಜ್ ಮಾಡಲು ಆಗುವುದಿಲ್ಲ. ಕಾರಿನ ಸಿಗರೇಟ್ ಸಾಕೆಟ್ಟಿಗೆ ಹಾಕುವ 45 ವ್ಯಾಟ್ ಪಿಡಿ ಅಡಾಪ್ಟರ್ ಆದರೆ ಪೂರ್ತಿ ವೇಗ. ರೈಲಿನ ಎಸಿ ಬೋಗಿಯಲ್ಲಿ 110 ವೋಲ್ಟ್ ಸಾಕೆಟ್ ಇರುತ್ತದೆ, 100–240 ಅಂತ ಬರೆದಿರುವ ಚಾರ್ಜರ್ ಅಲ್ಲಿ ಸರಿಯಾಗಿ ನಡೆಯುತ್ತದೆ.

ವಿಮಾನದಲ್ಲಿ ಎಷ್ಟು ದೊಡ್ಡ ಬ್ಯಾಂಕ್ ಒಯ್ಯಬಹುದು?

ಅನುಮತಿ ಕೇಳದೆ ಒಯ್ಯುವ ಮಿತಿ 100 ವ್ಯಾಟ್-ಅವರ್, ಅಂದರೆ 27,000 ಎಂಎಎಚ್ ಒಳಗೆ. ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಲಗೇಜಿಗೆ ಹಾಕುವಂತಿಲ್ಲ. ಬ್ಯಾಂಕಿನ ಮೇಲಿನ ವ್ಯಾಟ್-ಅವರ್ ಅಂಕಿ ಅಳಿಸಿಹೋಗಿದ್ದರೆ ತಪಾಸಣೆಯಲ್ಲಿ ಕಿತ್ತುಕೊಳ್ಳಬಹುದು. ಹಾರಾಟದ ನಡುವೆ ಬ್ಯಾಂಕಿನಿಂದ ಚಾರ್ಜ್ ಮಾಡಲು ಈಗ ಹಲವು ವಿಮಾನ ಸಂಸ್ಥೆಗಳು ಬಿಡುವುದಿಲ್ಲ, ಹಾಗಾಗಿ ಡೆಕ್‌ನ್ನು ತುಂಬಿಸಿಕೊಂಡೇ ಹತ್ತಿ.

ಸ್ವಿಚ್, ಆರ್‌ಒಜಿ ಆಲೈ ಇರುವವರಿಗೆ ಇದೇ ಲೆಕ್ಕವೇ?

ವಿಧಾನ ಅದೇ, ಅಂಕಿ ಬೇರೆ. ನಿಂಟೆಂಡೊದ ಮೊದಲ ಸ್ವಿಚ್‌ನ ಬ್ಯಾಟರಿ 16 ವ್ಯಾಟ್-ಅವರ್ ಮಾತ್ರ, ಕೈಯಲ್ಲಿ ಹಿಡಿದು ಆಡಲು 18 ವ್ಯಾಟಿನ ಪಿಡಿ ಬ್ಯಾಂಕ್ ಧಾರಾಳ. ಟಿವಿ ಡಾಕ್‌ಗೆ ಮಾತ್ರ 15 ವೋಲ್ಟ್, 2.6 ಆಂಪಿಯರ್ ಬೇಕು. ಆಲೈ ಜೊತೆ ಬರುವುದು 20 ವೋಲ್ಟಿನ 65 ವ್ಯಾಟ್ ಚಾರ್ಜರ್. 45ರಲ್ಲೂ ಚಾರ್ಜ್ ಆಗುತ್ತದೆ, ಆದರೆ 30 ವ್ಯಾಟಿನ ಟರ್ಬೊ ಬೇಕಿದ್ದರೆ `20V 3.25A` ಇರುವ ಬ್ಯಾಂಕೇ ಬೇಕು.

ಎಲ್ಲ ಬದಲಿಸಿ ನೋಡಿದೆ. ಡೆಕ್ ಚಾರ್ಜ್ ತೆಗೆದುಕೊಳ್ಳುತ್ತಲೇ ಇಲ್ಲ.

ಚಾರ್ಜಿಂಗ್ ನಿಯಂತ್ರಕ ಹಟ ಹಿಡಿದಿರಬಹುದು, ಅದನ್ನು ಮರುಹೊಂದಿಸಿ. ಡೆಕ್ ಪೂರ್ತಿ ಆಫ್ ಮಾಡಿ. ವಾಲ್ಯೂಮ್ ಹೆಚ್ಚಿಸುವ ಬಟನ್ ಒತ್ತಿ ಹಿಡಿದು ಪವರ್ ಬಟನ್ ಒತ್ತಿ, ಸದ್ದು ಬಂದ ಮೇಲೆ ಬಿಡಿ. `Setup Utility` ಒಳಗೆ `Power` ವಿಭಾಗದಲ್ಲಿ `Battery Storage Mode` ಆರಿಸಿ ಒಪ್ಪಿಗೆ ಕೊಡಿ. ಕೇಬಲ್ ಚುಚ್ಚಿದ್ದರೆ ತೆಗೆಯಿರಿ. ಡೆಕ್ ಆಫ್ ಆಗುತ್ತದೆ, ಆಮೇಲೆ ಪವರ್ ಬಟನ್ ಒತ್ತಿದರೂ ಏಳುವುದಿಲ್ಲ. ಹೆದರಬೇಡಿ, ಚಾರ್ಜರ್ ಚುಚ್ಚಿದರಷ್ಟೇ ಏಳುತ್ತದೆ. ಎಬ್ಬಿಸುವಾಗ ಪವರ್ ಬ್ಯಾಂಕ್ ಬೇಡ, ಗೋಡೆಯ ಸಾಕೆಟ್ಟಿನಲ್ಲಿ ಮೂಲ 45 ವ್ಯಾಟ್ ಚಾರ್ಜರ್ ಹಾಕಿ. ಅದಾದ ಮೇಲೂ `sensors`ನಲ್ಲಿ 15 ವೋಲ್ಟ್ ಕಂಡು `energy-rate` ಸೊನ್ನೆಯ ಬಳಿಯೇ ಇದ್ದರೆ, `upower` ಪಟ್ಟಿಯ `capacity` ಸಾಲನ್ನೊಮ್ಮೆ ನೋಡಿ. ಅದು ಬ್ಯಾಟರಿಯ ಮೂಲ ಸಾಮರ್ಥ್ಯದಲ್ಲಿ ಈಗ ಶೇಕಡ ಎಷ್ಟು ಉಳಿದಿದೆ ಅನ್ನುವುದು. ಬ್ಯಾಟರಿ ಉಬ್ಬಿ ಹಿಂಬದಿಯ ಮುಚ್ಚಳ ಎದ್ದಿದ್ದರೆ ಅಥವಾ ಟ್ರ್ಯಾಕ್‌ಪ್ಯಾಡ್ ಗಟ್ಟಿಯಾಗಿ ಒತ್ತಲು ಬಾರದಂತಾಗಿದ್ದರೆ ಚಾರ್ಜ್ ಮಾಡುವುದನ್ನು ಅಲ್ಲಿಗೇ ನಿಲ್ಲಿಸಿ, ರಿಪೇರಿಯವರಿಗೆ ಕೊಡಿ.